ಎರಡು ವರ್ಷದ ವೀಸಾ, ಇಪ್ಪತ್ತು ವರ್ಷದ ಸಾಲ

ಎಲ್ಲರಿಗೂ ನಮಸ್ಕಾರ.

ಹೊರದೇಶದಲ್ಲಿ ದುಡಿಯುವವರು ಊರಲ್ಲಿ ಮನೆಗೆ ಸಾಲ ಕೇಳಲು ಬಂದಾಗ ಬ್ಯಾಂಕಿನ ಮೇಜಿನ ಮೇಲೆ ಎರಡು ಕಾಗದ ಅಕ್ಕಪಕ್ಕ ಇರುತ್ತವೆ. ಒಂದು ವೀಸಾದ ಪ್ರತಿ. ದುಬೈಯಂಥ ಕಡೆ ಹೆಚ್ಚಿನವರದ್ದು ಎರಡು ವರ್ಷದ್ದು. ಇನ್ನೊಂದು ಸಾಲದ ಅರ್ಜಿ. ಅದರಲ್ಲಿ ಇಪ್ಪತ್ತು ವರ್ಷ ಎಂದಿರುತ್ತದೆ. ಬ್ಯಾಂಕು ವೀಸಾ ನೋಡಿ, ಸಂಬಳ ನೋಡಿ, ಸಾಲ ಕೊಡುತ್ತದೆ. ಆದರೆ ಈ ಎರಡು ಕಾಗದದ ನಡುವೆ ಇರುವ ಹದಿನೆಂಟು ವರ್ಷದ ಲೆಕ್ಕ ಯಾರು ಮಾಡಬೇಕು? ಬ್ಯಾಂಕಂತೂ ಮಾಡುವುದಿಲ್ಲ. ಅದನ್ನು ನಾವೇ ಮಾಡಬೇಕು. ಇವತ್ತು ನಾನು ಹೇಳುವುದೆಲ್ಲ ಆ ಲೆಕ್ಕದ ಬಗ್ಗೆ.

ಸುಮ್ನೆ ಗಾಳಿಯಲ್ಲಿ ಮಾತಾಡುವುದು ಬೇಡ. ಒಂದು ಉದಾಹರಣೆ ಇಟ್ಟುಕೊಳ್ಳೋಣ. ಹೀಗೆ ಇರುವವರು ನಮ್ಮಲ್ಲಿ ಬಹಳ ಜನ.

ದುಬೈಯಲ್ಲಿ ಎಲೆಕ್ಟ್ರಿಕಲ್ ಸೂಪರ್‌ವೈಸರ್ ಆಗಿರುವ ಒಬ್ಬರು ಎಂದುಕೊಳ್ಳಿ. ತಿಂಗಳಿಗೆ ಕೈಗೆ ಸಿಗುವುದು 9,000 ದಿರ್ಹಮ್. ಇರಲು ಜಾಗ ಕಂಪನಿಯದ್ದೇ. ತಮ್ಮ ಖರ್ಚಿಗೆ 2,500, ಊರಿನ ಮನೆ ಖರ್ಚಿಗೆ 3,000 ಹೋದರೆ 3,500 ಉಳಿಯುತ್ತದೆ. ಕರ್ನಾಟಕದಲ್ಲಿ 60 ಲಕ್ಷದ ಒಂದು ಮನೆ ನೋಡಿದ್ದಾರೆ. ಉಳಿತಾಯ 29 ಲಕ್ಷ ಇದೆ. ಲೆಕ್ಕಕ್ಕೆ ಸುಲಭವಾಗಲಿ ಅಂತ ಒಂದು ದಿರ್ಹಮಿಗೆ 23 ರೂಪಾಯಿ, ಸಾಲದ ಬಡ್ಡಿ ಶೇ 8.5 ಎಂದು ಹಿಡಿಯೋಣ. ನಿಮ್ಮ ದರ ಬೇರೆ ಇರಬಹುದು. ಲೆಕ್ಕದ ದಾರಿ ಇದೇ.

ಮೊದಲು ಸಂಬಳದ ಕಾಗದಕ್ಕೆ ಬರೋಣ. ಇವರ ಕೈಗೆ 9,000 ಬರುತ್ತದೆ ನಿಜ. ಆದರೆ ಲೇಬರ್ ಕಾಂಟ್ರ್ಯಾಕ್ಟಿನಲ್ಲಿ ಬರೆದಿರುವುದು 7,000. ಅದರಲ್ಲೂ ಬೇಸಿಕ್ 4,000, ಉಳಿದದ್ದು ಭತ್ಯೆ. ಮೇಲಿನ 2,000 ಓವರ್‌ಟೈಮ್. ಬ್ಯಾಂಕು ಮೂರು ಕಾಗದವನ್ನು ಒಂದರ ಪಕ್ಕ ಒಂದು ಇಟ್ಟು ನೋಡುತ್ತದೆ: ಕಾಂಟ್ರ್ಯಾಕ್ಟ್, ಕಂಪನಿ ಕೊಟ್ಟ ಸ್ಯಾಲರಿ ಸರ್ಟಿಫಿಕೇಟ್, ಸಂಬಳ ಜಮಾ ಆಗುವ ಅಲ್ಲಿನ ಖಾತೆಯ ಆರು ತಿಂಗಳ ಸ್ಟೇಟ್‌ಮೆಂಟ್. ಮೂರರಲ್ಲೂ ಒಂದೇ ಮೊತ್ತ ಕಂಡರೆ ಕೆಲಸ ಸಲೀಸು. ಸರ್ಟಿಫಿಕೇಟಿನಲ್ಲಿ 9,000, ಕಾಂಟ್ರ್ಯಾಕ್ಟಿನಲ್ಲಿ 7,000, ಖಾತೆಯಲ್ಲಿ ಒಂದು ತಿಂಗಳು 8,200, ಇನ್ನೊಂದು ತಿಂಗಳು 9,400 ಎಂದಿದ್ದರೆ ಪ್ರಶ್ನೆ ಶುರುವಾಗುತ್ತದೆ. ಕೈಯಲ್ಲಿ ನಗದಾಗಿ ಬಂದ ಹಣ ಬ್ಯಾಂಕಿನ ಲೆಕ್ಕದಲ್ಲಿ ಇಲ್ಲವೇ ಇಲ್ಲ.

ಇದನ್ನು ಬ್ಯಾಂಕಿನವರ ಕಿರಿಕಿರಿ ಎಂದುಕೊಳ್ಳಬೇಡಿ. ಓವರ್‌ಟೈಮ್ ಅನ್ನುವುದು ಪ್ರಾಜೆಕ್ಟ್ ಜೋರಾಗಿ ನಡೆಯುವಾಗ ಇರುತ್ತದೆ, ಮುಗಿದ ಮೇಲೆ ಇರುವುದಿಲ್ಲ. ಆದ್ದರಿಂದ ಬ್ಯಾಂಕು ಕೇಳದಿದ್ದರೂ ನೀವೇ 7,000ದ ಮೇಲೆ ಲೆಕ್ಕ ಹಾಕಿ. ಅದಕ್ಕೂ ಮುಂದೆ ಹೋಗಿ ಹೇಳುತ್ತೇನೆ: ಓವರ್‌ಟೈಮ್ ಹಣವನ್ನು ಕಂತಿಗೆ ಕಟ್ಟಲೇಬೇಡಿ, ಹೆಚ್ಚುವರಿ ಕಟ್ಟುವುದಕ್ಕೆ ಮಾತ್ರ ಇಡಿ.

ಉಳಿದ ಕಾಗದಗಳು ನಿಮಗೆ ಗೊತ್ತಿರುವವೇ. ಪಾಸ್‌ಪೋರ್ಟ್, ವೀಸಾ, ಅಲ್ಲಿನ ಗುರುತಿನ ಚೀಟಿ, ಪಾನ್ ಕಾರ್ಡ್, ಅಲ್ಲಿನ ವಿಳಾಸದ ಪುರಾವೆ, ಹೊರದೇಶದ ದುಡಿಮೆ ಇಡುವ ಎನ್‌ಆರ್‌ಇ ಅಥವಾ ಇಲ್ಲಿನ ಆದಾಯ ಇಡುವ ಎನ್‌ಆರ್‌ಒ ಖಾತೆಯ ಸ್ಟೇಟ್‌ಮೆಂಟ್. ಅಲ್ಲಿ ಸಾಲ ಅಥವಾ ಕ್ರೆಡಿಟ್ ಕಾರ್ಡ್ ಇದ್ದರೆ ಆ ದೇಶದ ಕ್ರೆಡಿಟ್ ವರದಿಯನ್ನೂ ಕೇಳಬಹುದು. ಇವುಗಳಿಂದ ಸಾಲ ನಿಲ್ಲುವುದು ಕಡಿಮೆ. ನಿಲ್ಲುವುದು ಎರಡು ಕಡೆ. ಒಂದು ಹೆಸರು, ಇನ್ನೊಂದು ಪವರ್ ಆಫ್ ಅಟಾರ್ನಿ.

ನಮ್ಮಲ್ಲಿ ಶಾಲೆಯ ದಾಖಲೆಯಲ್ಲಿ ಹೆಸರಿನ ಮುಂದೆ ಇನಿಷಿಯಲ್ ಇರುತ್ತದೆ. ಪಾಸ್‌ಪೋರ್ಟ್ ಮಾಡಿಸುವಾಗ ಆ ಇನಿಷಿಯಲ್ ಬಿಡಿಸಿ ತಂದೆಯ ಹೆಸರೋ ಊರಿನ ಹೆಸರೋ ಸರ್‌ನೇಮ್ ಜಾಗದಲ್ಲಿ ಕೂರುತ್ತದೆ. ಪಾನ್ ಕಾರ್ಡಿನಲ್ಲಿ ಮತ್ತೊಂದು ರೀತಿ. ಹೊರದೇಶದಲ್ಲಿ ಎಲ್ಲವೂ ಪಾಸ್‌ಪೋರ್ಟಿನ ಹೆಸರಲ್ಲೇ ನಡೆಯುವುದರಿಂದ ಇದು ವರ್ಷಗಟ್ಟಲೆ ಗಮನಕ್ಕೇ ಬರುವುದಿಲ್ಲ. ಕ್ರಯಪತ್ರ ಬರೆಸುವ ದಿನ ಬರುತ್ತದೆ. ಮನೆಯ ಅಗ್ರಿಮೆಂಟ್ ಒಂದು ಹೆಸರಲ್ಲಿ, ಸಾಲದ ಮಂಜೂರಾತಿ ಇನ್ನೊಂದು ಹೆಸರಲ್ಲಿ. ಇಬ್ಬರೂ ಒಬ್ಬನೇ ಎಂದು ಅಫಿಡವಿಟ್ ಮಾಡಿಸಿ ದಾಟಬಹುದು. ಆದರೆ ಅಗ್ರಿಮೆಂಟ್ ಬರೆಸುವ ಮೊದಲೇ ಪಾನ್ ಕಾರ್ಡನ್ನು ಪಾಸ್‌ಪೋರ್ಟಿನ ಹೆಸರಿಗೆ ತಿದ್ದಿಸಿಕೊಂಡು, ಅಗ್ರಿಮೆಂಟಿನಲ್ಲೂ ಅದೇ ಹೆಸರು ಹಾಕಿಸುವುದು ಎಲ್ಲಕ್ಕಿಂತ ಒಳ್ಳೆಯದು. ಮನೆ ಮಾರುವ ದಿನವೂ ಇದೇ ಹೆಸರು ಕೇಳುತ್ತಾರೆ ಅಲ್ವಾ.

ಇನ್ನು ಪವರ್ ಆಫ್ ಅಟಾರ್ನಿ. ನೀವು ಅಲ್ಲಿ, ಮನೆ ಇಲ್ಲಿ. ಸಹಿ ಹಾಕಲು ಯಾರಾದರೂ ಬೇಕು. ಹೆಚ್ಚಿನವರು ಹೆಂಡತಿಗೋ ತಂದೆಗೋ ಅಣ್ಣನಿಗೋ ಅಧಿಕಾರ ಕೊಡುತ್ತಾರೆ. ದುಬೈಯಲ್ಲಿ ಸಹಿ ಮಾಡುವುದಾದರೆ ಭಾರತೀಯ ಕಾನ್ಸುಲೇಟಿನಲ್ಲಿ ದೃಢೀಕರಣ ಆಗಬೇಕು. ಇಷ್ಟು ಎಲ್ಲರಿಗೂ ಗೊತ್ತು. ಅನೇಕರು ಮರೆಯುವುದು ಇದರ ಮುಂದಿನ ಹೆಜ್ಜೆ. ಹೊರದೇಶದಲ್ಲಿ ಸಹಿ ಮಾಡಿದ ಪತ್ರ ಭಾರತಕ್ಕೆ ಬಂದ ಮೇಲೆ ಮೂರು ತಿಂಗಳೊಳಗೆ ಇಲ್ಲಿನ ಸ್ಟ್ಯಾಂಪ್ ಡ್ಯೂಟಿ ಕಟ್ಟಬೇಕು. ಕೊರಿಯರ್‌ನಲ್ಲಿ ಬಂದ ಪತ್ರವನ್ನು ಬೀರುವಿನಲ್ಲಿ ಇಟ್ಟು, ಐದು ತಿಂಗಳ ನಂತರ ಬ್ಯಾಂಕು ಕೇಳಿದಾಗ ತೆಗೆದರೆ ಅದು ತಕರಾರಿಗೆ ಬರುತ್ತದೆ. ಕೊರಿಯರ್ ಲಕೋಟೆಯನ್ನೂ ಪತ್ರದ ಜೊತೆಗೇ ಇಟ್ಟುಕೊಳ್ಳಿ. ಪತ್ರ ಭಾರತಕ್ಕೆ ಯಾವತ್ತು ಬಂತು ಅನ್ನುವುದಕ್ಕೆ ಅದೇ ಪುರಾವೆ.

ಪತ್ರದ ಒಳಗೆ ಏನು ಬರೆದಿದೆ ಅನ್ನುವುದೂ ಮುಖ್ಯ. ನೆಟ್‌ನಲ್ಲಿ ಸಿಗುವ ಜನರಲ್ ಪವರ್ ಆಫ್ ಅಟಾರ್ನಿಯಲ್ಲಿ ಮಾರುವ ಅಧಿಕಾರವೂ ಸೇರಿರುತ್ತದೆ. ಅದು ನಿಮಗೆ ಬೇಕಾ? ಬೇಡ. ನಿಮಗೆ ಬೇಕಾದ್ದು ಇಷ್ಟೇ: ಇಂಥ ಸರ್ವೆ ನಂಬರಿನ, ಇಂಥ ಸ್ವತ್ತನ್ನು ಖರೀದಿಸಿ ನೋಂದಣಿ ಮಾಡಿಸುವುದು, ಇಂಥ ಬ್ಯಾಂಕಿನಿಂದ ಇಷ್ಟರವರೆಗೆ ಸಾಲದ ಪತ್ರಗಳಿಗೆ ಸಹಿ ಹಾಕುವುದು, ಮೂಲ ಪತ್ರಗಳನ್ನು ಬ್ಯಾಂಕಿನಲ್ಲಿ ಇಟ್ಟು ಅಡಮಾನ ಮಾಡುವುದು. ಬ್ಯಾಂಕುಗಳಲ್ಲಿ ತಮ್ಮದೇ ಒಕ್ಕಣೆ ಇರುತ್ತದೆ. ಮೊದಲು ಅದನ್ನು ತರಿಸಿಕೊಂಡು, ವಕೀಲರಿಗೆ ತೋರಿಸಿ, ಆಮೇಲೆ ಕಾನ್ಸುಲೇಟಿಗೆ ಹೋಗಿ. ಅಡಮಾನದ ಒಂದು ವಾಕ್ಯ ಬಿಟ್ಟುಹೋಗಿ ಮತ್ತೆ ರಜೆ ಹಾಕಿ, ಮತ್ತೆ ಅಪಾಯಿಂಟ್‌ಮೆಂಟ್ ತಗೊಂಡವರು ತುಂಬಾ ಜನ ಇದ್ದಾರೆ.

ಸ್ವತ್ತಿನ ಪತ್ರಗಳ ಬಗ್ಗೆ ಒಂದೇ ಮಾತು. 2020ರ ತಿದ್ದುಪಡಿಯ ನಂತರ ಕರ್ನಾಟಕದಲ್ಲಿ ಕೃಷಿಕರಲ್ಲದವರೂ ಕೃಷಿ ಭೂಮಿ ಕೊಳ್ಳಬಹುದು. ಇದನ್ನು ಕೇಳಿ ಹೊರದೇಶದಲ್ಲಿರುವವರೂ ತಮಗೆ ಅನ್ವಯಿಸುತ್ತದೆ ಎಂದು ತಿಳಿಯುತ್ತಾರೆ. ಇಲ್ಲ. ಅನಿವಾಸಿ ಭಾರತೀಯರು ಕೃಷಿ ಭೂಮಿ, ತೋಟ, ಫಾರ್ಮ್‌ಹೌಸ್ ಕೊಳ್ಳುವಂತಿಲ್ಲ ಅನ್ನುವುದು ಕೇಂದ್ರದ ವಿದೇಶಿ ವಿನಿಮಯ ಕಾನೂನು, ಅಂದರೆ ಫೆಮಾ. ಪಿತ್ರಾರ್ಜಿತವಾಗಿ ಬಂದರೆ ಇಟ್ಟುಕೊಳ್ಳಬಹುದು, ಕೊಳ್ಳುವಂತಿಲ್ಲ. ಆದ್ದರಿಂದ ಸೈಟಿನ ಜಾಗ ವಸತಿಗೆ ಕನ್ವರ್ಷನ್ ಆಗಿದೆಯಾ ಅನ್ನುವುದನ್ನು ಅಡ್ವಾನ್ಸ್ ಕೊಡುವ ಮೊದಲು ನೋಡಿ, ಕೊಟ್ಟ ಮೇಲೆ ಅಲ್ಲ.

ಈಗ ಎಷ್ಟು ಸಾಲ ತಗೊಳ್ಳಬೇಕು ಎಂಬ ಪ್ರಶ್ನೆ. ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ 30 ಲಕ್ಷದಿಂದ 75 ಲಕ್ಷದವರೆಗಿನ ಸಾಲಕ್ಕೆ ಮನೆಯ ಬೆಲೆಯ ಶೇ 80ರವರೆಗೆ ಕೊಡಬಹುದು. 60 ಲಕ್ಷಕ್ಕೆ 48 ಲಕ್ಷ ಆಯಿತು. ನಮ್ಮ ಸೂಪರ್‌ವೈಸರಿಗೆ ಬ್ಯಾಂಕು ಅಷ್ಟನ್ನೂ ಖುಷಿಯಿಂದ ಕೊಡುತ್ತದೆ. 48 ಲಕ್ಷಕ್ಕೆ ಇಪ್ಪತ್ತು ವರ್ಷದ ಕಂತು ಸುಮಾರು 41,650 ರೂಪಾಯಿ. ಅವರ 7,000 ದಿರ್ಹಮ್ ಅಂದರೆ 1,61,000 ರೂಪಾಯಿ. ಕಂತು ಅದರ ಕಾಲು ಭಾಗದಷ್ಟೇ. ಕಾಗದದ ಮೇಲೆ ಇದು ತುಂಬಾ ಆರೋಗ್ಯವಾದ ಸಾಲ.

ಆದರೆ ನನ್ನ ಅಭಿಪ್ರಾಯದಲ್ಲಿ ಇವರು 40 ಲಕ್ಷ ಮಾತ್ರ ತಗೊಳ್ಳಬೇಕು. ಯಾಕೆ ಅಂದರೆ, ದಿರ್ಹಮಿನ ಸಂಬಳದಲ್ಲಿ ಕಂತನ್ನು ಅಳೆಯುವುದೇ ತಪ್ಪು ಅಳತೆ. ಊರಿಗೆ ವಾಪಸ್ ಬಂದ ಮೇಲೆ ಸಿಗುವ ಸಂಬಳದಲ್ಲಿ ಅಳೆಯಬೇಕು. ಇದೇ ಕೆಲಸಕ್ಕೆ ಊರಲ್ಲಿ 60,000 ಸಿಗಬಹುದು ಎಂದುಕೊಳ್ಳಿ. ಆಗ 41,650ರ ಕಂತು ಸಂಬಳದ ಮುಕ್ಕಾಲು ಭಾಗಕ್ಕೆ ಹತ್ತಿರ ಹೋಗುತ್ತದೆ. 40 ಲಕ್ಷಕ್ಕೆ ಕಂತು ಸುಮಾರು 34,700. ಅದೂ ಜಾಸ್ತಿಯೇ. ಅದನ್ನು ಕೆಳಗೆ ತರುವುದು ಹೇಗೆ ಅಂತ ಆಮೇಲೆ ಹೇಳುತ್ತೇನೆ.

ಕೈಯಿಂದ ಹಾಕಬೇಕಾದ್ದು 20 ಲಕ್ಷ. ಅದರ ಜೊತೆಗೆ ನೋಂದಣಿ ಖರ್ಚು. ಈ ಮಟ್ಟದ ಸಾಲದಲ್ಲಿ ಸ್ಟ್ಯಾಂಪ್ ಡ್ಯೂಟಿ, ನೋಂದಣಿ ಶುಲ್ಕಗಳನ್ನು ಮನೆಯ ಬೆಲೆಗೆ ಸೇರಿಸಿ ಸಾಲ ಕೊಡುವಂತಿಲ್ಲ. ಕರ್ನಾಟಕದಲ್ಲಿ ಈ ಬೆಲೆಯ ಮನೆಗೆ ಸ್ಟ್ಯಾಂಪ್ ಡ್ಯೂಟಿ ಶೇ 5. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ 2 ಆಗಿದೆ. ಸೆಸ್ ಎಲ್ಲ ಸೇರಿದರೆ ನಾಲ್ಕೂವರೆ ಲಕ್ಷದ ಆಸುಪಾಸು. ಇಷ್ಟು ಹೋದ ಮೇಲೆ 29 ಲಕ್ಷದಲ್ಲಿ ಉಳಿಯುವುದು ಸುಮಾರು ನಾಲ್ಕೂವರೆ ಲಕ್ಷ. ಅದನ್ನು ಮುಟ್ಟಬಾರದು. ಇಂಟೀರಿಯರ್‌ಗೂ ಇಲ್ಲ, ಗೃಹಪ್ರವೇಶಕ್ಕೂ ಇಲ್ಲ. ಹನ್ನೆರಡು ಕಂತಿನ ಮೊತ್ತ 4,16,000 ಆಗುತ್ತದೆ. ಕೆಲಸ ಹೋದರೆ ಒಂದು ವರ್ಷ ಮನೆ ಉಳಿಸುವುದು ಈ ಹಣ.

ಅಂದ ಹಾಗೆ, 50 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ಬೆಲೆಯ ಮನೆ ಕೊಳ್ಳುವಾಗ ಮಾರುವವರು ಭಾರತದಲ್ಲೇ ಇರುವವರಾದರೆ ಶೇ 1ರಷ್ಟು ಟಿಡಿಎಸ್ ಹಿಡಿದು ಸರ್ಕಾರಕ್ಕೆ ಕಟ್ಟುವುದು ಕೊಳ್ಳುವವರ ಹೊಣೆ. ಇವರ ಲೆಕ್ಕದಲ್ಲಿ 60,000 ರೂಪಾಯಿ. ಮಾರುವವರೂ ಅನಿವಾಸಿಯಾಗಿದ್ದರೆ ಟಿಡಿಎಸ್ ಇದಕ್ಕಿಂತ ಬಹಳ ಜಾಸ್ತಿ, ನಿಯಮವೂ ಬೇರೆ. ಮಾರುವವರು ಎಲ್ಲಿ ವಾಸವಾಗಿದ್ದಾರೆ ಅಂತ ಮೊದಲೇ ಕೇಳಿಕೊಳ್ಳಿ.

ಇನ್ನು ಕರೆನ್ಸಿ. ಇಲ್ಲಿ ನಮ್ಮಲ್ಲಿ ಒಂದು ನಂಬಿಕೆ ಬಲವಾಗಿದೆ. ರೂಪಾಯಿ ಬೀಳುತ್ತಲೇ ಇರುತ್ತದೆ, ನಮಗೆ ಲಾಭ ಆಗುತ್ತಲೇ ಇರುತ್ತದೆ, ಹೊರದೇಶದವರಿಗೆ ಗೃಹಸಾಲದಲ್ಲಿ ಕರೆನ್ಸಿ ರಿಸ್ಕ್ ಇಲ್ಲ ಅಂತ. ಅರ್ಧ ನಿಜ. ದಿರ್ಹಮ್ ಡಾಲರಿಗೆ ಕಟ್ಟಿಕೊಂಡ ಕರೆನ್ಸಿ. ಒಂದು ಡಾಲರಿಗೆ 3.6725 ದಿರ್ಹಮ್, 1997ರಿಂದ ಬದಲಾಗಿಲ್ಲ. ಸೌದಿ ರಿಯಾಲ್ 3.75. ಹಾಗಾಗಿ ಡಾಲರಿನ ಎದುರು ರೂಪಾಯಿ ಬಿದ್ದಷ್ಟೂ ಅದೇ ಕಂತಿಗೆ ಕಡಿಮೆ ದಿರ್ಹಮ್ ಸಾಕು. 34,700 ರೂಪಾಯಿಗೆ 23ರ ದರದಲ್ಲಿ 1,510 ದಿರ್ಹಮ್ ಬೇಕಾದರೆ, ದರ 25 ಆದಾಗ 1,390 ಸಾಕು. ದೀರ್ಘ ಕಾಲದಲ್ಲಿ ರೂಪಾಯಿ ಇಳಿದಿದೆ ಅನ್ನುವುದೂ ನಿಜ.

ಆದರೆ ಮಧ್ಯದ ವರ್ಷಗಳನ್ನೂ ನೋಡಿ. 2007ರಲ್ಲಿ ರೂಪಾಯಿ ಏರಿತು. ವರ್ಷದ ಆರಂಭದಲ್ಲಿ ಡಾಲರ್ 44 ರೂಪಾಯಿ ಇದ್ದದ್ದು ವರ್ಷದ ಕೊನೆಗೆ 39ರ ಹತ್ತಿರಕ್ಕೆ ಬಂತು. ದಿರ್ಹಮಿನ ಲೆಕ್ಕದಲ್ಲಿ 12ರಿಂದ 10 ರೂಪಾಯಿ 70 ಪೈಸೆ. ಅದೇ ಕಂತಿಗೆ ಶೇ 12ರಷ್ಟು ಜಾಸ್ತಿ ದಿರ್ಹಮ್ ಬೇಕಾಯಿತು. ಸಂಬಳ ಮಾತ್ರ ಅಷ್ಟೇ. ಇಂಗ್ಲೆಂಡಿನಲ್ಲಿ ಇದ್ದವರಿಗೆ 2016ರಲ್ಲಿ ಇನ್ನೂ ಜೋರು ಏಟು ಬಿತ್ತು. ಬ್ರೆಕ್ಸಿಟ್ ಮತದಾನಕ್ಕೆ ಮೊದಲು ಪೌಂಡ್ 100 ರೂಪಾಯಿಯ ಹತ್ತಿರ ಇತ್ತು, ಅಕ್ಟೋಬರಿನಲ್ಲಿ 82ರ ಆಸುಪಾಸಿಗೆ ಇಳಿಯಿತು. ರೂಪಾಯಿಗೆ ಏನೂ ಆಗಿರಲಿಲ್ಲ, ಬಿದ್ದದ್ದು ಪೌಂಡ್. ನೀವು ದುಡಿಯುವ ಕರೆನ್ಸಿ ಡಾಲರಿಗೆ ಕಟ್ಟಿಲ್ಲ ಎಂದಾದರೆ ಎರಡು ಕಡೆಯಿಂದಲೂ ಅಪಾಯ ಇದೆ.

ಇದಕ್ಕಿಂತ ಹೆಚ್ಚಾಗಿ ನಿಮ್ಮ ಗಮನ ಬೇಕಾದದ್ದು ಬಡ್ಡಿಗೆ. 2022ರ ಮೇಯಿಂದ 2023ರ ಫೆಬ್ರವರಿವರೆಗೆ ನಡೆದದ್ದನ್ನು ನೋಡಿ. ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಸಾಲ ಕೊಡುವ ಬಡ್ಡಿ, ಅಂದರೆ ರೆಪೊ ದರ, ಶೇ 4ರಿಂದ ಶೇ 6.5ಕ್ಕೆ ಏರಿತು. 2019ರ ಅಕ್ಟೋಬರಿನಿಂದ ಬ್ಯಾಂಕುಗಳು ಹೊಸ ಫ್ಲೋಟಿಂಗ್ ಗೃಹಸಾಲಗಳನ್ನು ರೆಪೊದಂಥ ಹೊರಗಿನ ದರಕ್ಕೆ ಜೋಡಿಸಬೇಕಾಗಿರುವುದರಿಂದ ಶೇ 7ರ ಸಾಲ ಶೇ 9.5 ಆಯಿತು. ಅದೇ ಹೊತ್ತಿಗೆ ರೂಪಾಯಿಯೂ ಬಿತ್ತು. ಡಾಲರ್ 76ರ ಮೇಲಿದ್ದದ್ದು 82ರ ಮೇಲೆ ಹೋಯಿತು. ಎಲ್ಲರೂ ಒಳ್ಳೆಯ ದರ ಸಿಕ್ಕಿತು ಎಂದು ಖುಷಿಪಟ್ಟರು. ಈಗ 40 ಲಕ್ಷದ ಸಾಲದ ಲೆಕ್ಕ ಹಾಕಿ. ಶೇ 7ಕ್ಕೆ ಕಂತು 31,000. ಶೇ 9.5ಕ್ಕೆ 37,300. ಕಂತು ಶೇ 20ರಷ್ಟು ಏರಿತು, ರೂಪಾಯಿ ಬಿದ್ದದ್ದರಿಂದ ಉಳಿದದ್ದು ಶೇ 8ರ ಆಸುಪಾಸು. ಎರಡನ್ನೂ ಕೂಡಿಸಿ ನೋಡಿದರೆ ದಿರ್ಹಮಿನಲ್ಲೂ ಕಂತು ಭಾರವಾಯಿತು.

ಅದರ ಒಳಗೆ ಇನ್ನೊಂದು ವಿಷಯ ಅಡಗಿತ್ತು. ಅನೇಕ ಬ್ಯಾಂಕುಗಳು ಕಂತು ಏರಿಸಲಿಲ್ಲ, ಅವಧಿ ಉದ್ದ ಮಾಡಿದವು. ಹೊರದೇಶದಲ್ಲಿ ಇರುವವರು ಖಾತೆಯಿಂದ ಪ್ರತಿ ತಿಂಗಳು 31,000 ಹೋಗುವುದನ್ನು ನೋಡಿ ಏನೂ ಬದಲಾಗಿಲ್ಲ ಎಂದುಕೊಂಡರು. ಆದರೆ 40 ಲಕ್ಷಕ್ಕೆ ಶೇ 9.5ರಂತೆ ಒಂದು ತಿಂಗಳ ಬಡ್ಡಿಯೇ 31,667. ಅಂದರೆ 31,000 ಕಟ್ಟಿದರೆ ಬಡ್ಡಿಯೂ ಪೂರ್ತಿ ತೀರುವುದಿಲ್ಲ, ಅಸಲು ಕರಗುವ ಮಾತಂತೂ ದೂರ. 2023ರ ಆಗಸ್ಟಿನಲ್ಲಿ ರಿಸರ್ವ್ ಬ್ಯಾಂಕ್ ಒಂದು ಸೂಚನೆ ಹೊರಡಿಸಿತು. ಬಡ್ಡಿ ಬದಲಾದಾಗ ಕಂತಿಗೂ ಅವಧಿಗೂ ಏನಾಗುತ್ತದೆ ಅಂತ ತಿಳಿಸಬೇಕು, ಕಂತು ಏರಿಸುವುದೋ ಅವಧಿ ಬೆಳೆಸುವುದೋ ಎಂದು ಗ್ರಾಹಕರನ್ನು ಕೇಳಬೇಕು. ಆದರೆ ಬ್ಯಾಂಕಿನ ಮೆಸೇಜು ಊರಿನ ಹಳೇ ನಂಬರಿಗೆ ಹೋಗುತ್ತಿದ್ದರೆ ನಿಮಗೆ ತಿಳಿಯುವುದು ಹೇಗೆ? ಸಾಲದ ಖಾತೆಗೆ ನೀವು ಈಗ ಬಳಸುವ ನಂಬರ್, ಇ-ಮೇಲ್ ಕೊಡಿ. ಮೂರು ತಿಂಗಳಿಗೊಮ್ಮೆ ಸಾಲದ ಸ್ಟೇಟ್‌ಮೆಂಟ್ ತೆಗೆದು ಎರಡು ಅಂಕಿ ನೋಡಿ: ಬಾಕಿ ಅಸಲು ಎಷ್ಟು, ಬಾಕಿ ತಿಂಗಳು ಎಷ್ಟು. ಮೂರು ಕಂತು ಕಟ್ಟಿದ ಮೇಲೂ ಬಾಕಿ ತಿಂಗಳು ಮೂರು ಕಡಿಮೆ ಆಗಿಲ್ಲ ಎಂದರೆ ಒಳಗೆ ಏನೋ ಬದಲಾಗಿದೆ.

ಕರೆನ್ಸಿಯ ವಿಷಯದಲ್ಲಿ ನಿಜವಾಗಿ ಅಪಾಯ ಇರುವುದು ಇನ್ನೊಂದು ಕಡೆ. ಕೈಯಿಂದ ಹಾಕಬೇಕಾದ 20 ಲಕ್ಷದಲ್ಲಿ ಐದು ಲಕ್ಷ ಕಡಿಮೆ ಬಿತ್ತು ಎಂದುಕೊಳ್ಳಿ. ದುಬೈಯ ಬ್ಯಾಂಕು ಎರಡೇ ದಿನದಲ್ಲಿ 22,000 ದಿರ್ಹಮ್ ಪರ್ಸನಲ್ ಲೋನ್ ಕೊಡುತ್ತದೆ. ತಗೊಳ್ಳುತ್ತಾರೆ. ಕೆಲಸ ಇರುವವರೆಗೆ ಏನೂ ತೊಂದರೆ ಇಲ್ಲ. ಕೆಲಸ ಹೋಯಿತು, ಊರಿಗೆ ಬಂದಾಯಿತು, ದುಡಿಮೆ ರೂಪಾಯಿಯಲ್ಲಿ. ಆದರೆ ಸಾಲ ದಿರ್ಹಮಿನಲ್ಲಿ. ಈಗ ರೂಪಾಯಿ ಬಿದ್ದಷ್ಟೂ ಸಾಲ ಬೆಳೆಯುತ್ತದೆ. ಇಷ್ಟು ದಿನ ಲಾಭ ಎಂದುಕೊಂಡದ್ದೇ ತಿರುಗಿಬಿತ್ತು. ಕೆಲಸ ಬಿಡುವಾಗ ಬರುವ ಗ್ರ್ಯಾಚುಟಿಯೂ ಮೊದಲು ಆ ಸಾಲಕ್ಕೇ ಹೋಗಬಹುದು. ಡೌನ್ ಪೇಮೆಂಟಿಗೆ ಹೊರದೇಶದ ಸಾಲ ಬೇಕೇ ಬೇಕು ಎನ್ನುವ ಸ್ಥಿತಿ ಇದ್ದರೆ ಆ ಮನೆ ಈಗ ನಿಮ್ಮ ಅಳತೆಯದ್ದಲ್ಲ. ಚಿಕ್ಕದು ನೋಡಿ, ಇಲ್ಲ ಒಂದು ವರ್ಷ ಕಾಯಿರಿ.

ಅದೇ ಕಾರಣಕ್ಕೆ ಹನ್ನೆರಡು ಕಂತಿನ ಆ ಹಣವನ್ನು ರೂಪಾಯಿಯಲ್ಲೇ ಇಡಬೇಕು. ಕಂತು ರೂಪಾಯಿಯಲ್ಲಿ, ಅದಕ್ಕೆಂದು ಇಟ್ಟ ಹಣವೂ ರೂಪಾಯಿಯಲ್ಲಿ. ಆಗ ದರ ಎತ್ತ ಹೋದರೂ ಹನ್ನೆರಡು ತಿಂಗಳು ಅಂದರೆ ಹನ್ನೆರಡು ತಿಂಗಳು. ಎನ್‌ಆರ್‌ಇ ಖಾತೆ ಇದಕ್ಕೆ ಸರಿಯಾದ ಜಾಗ. ಅನಿವಾಸಿಯಾಗಿ ಇರುವವರೆಗೆ ಅದರ ಬಡ್ಡಿಗೆ ಭಾರತದಲ್ಲಿ ತೆರಿಗೆ ಇಲ್ಲ. ಮೂರು ಕಂತಿನಷ್ಟು ಉಳಿತಾಯ ಖಾತೆಯಲ್ಲಿ, ಉಳಿದದ್ದು ಒಂದು ವರ್ಷದ ಠೇವಣಿಯಲ್ಲಿ ಇರಲಿ.

ಕಂತು ಹೋಗುವ ಖಾತೆಯ ಬಗ್ಗೆಯೂ ಹೇಳಬೇಕು. ಹೊರದೇಶಕ್ಕೆ ಹೋಗುವ ಮೊದಲಿನ ಮಾಮೂಲಿ ಉಳಿತಾಯ ಖಾತೆಯಿಂದಲೇ ಕಂತು ಕಟ್ಟುವವರು ಇದ್ದಾರೆ. ಅನಿವಾಸಿ ಆದ ಮೇಲೆ ಆ ಖಾತೆಯನ್ನು ಎನ್‌ಆರ್‌ಒ ಮಾಡಿಸಬೇಕು ಅನ್ನುವುದು ಕಾನೂನು. ಸಾಲದ ಕಂತನ್ನು ಹೊರದೇಶದಿಂದ ಬ್ಯಾಂಕ್ ಮೂಲಕ ಕಳಿಸಬಹುದು, ಎನ್‌ಆರ್‌ಇ, ಎನ್‌ಆರ್‌ಒ, ಎಫ್‌ಸಿಎನ್‌ಆರ್ ಖಾತೆಗಳಿಂದ ಕಟ್ಟಬಹುದು, ಆ ಮನೆಯ ಬಾಡಿಗೆಯಿಂದ ಕಟ್ಟಬಹುದು, ಊರಲ್ಲಿರುವ ಹತ್ತಿರದ ಸಂಬಂಧಿಕರು ತಮ್ಮ ಖಾತೆಯಿಂದಲೂ ಕಟ್ಟಬಹುದು.

ಕಂತಿನ ತಾರೀಖನ್ನು ಸಂಬಳ ಬರುವ ದಿನಕ್ಕಿಂತ ಸ್ವಲ್ಪ ಮುಂದಕ್ಕೆ ತಳ್ಳಿಸಿ. ಸಂಬಳ 1ಕ್ಕೆ, ಕಂತು 5ಕ್ಕೆ ಎಂದಿದ್ದರೆ, ಕಂಪನಿ ಮೂರು ದಿನ ತಡ ಮಾಡಿ, ಮಧ್ಯೆ ಎರಡು ದಿನ ರಜೆ ಬಂದರೆ ಕಂತು ಬೌನ್ಸ್. 10ಕ್ಕೆ ಇದ್ದರೆ ಉಸಿರಾಡಲು ಜಾಗ ಇರುತ್ತದೆ. ಮತ್ತೆ, ಒಳ್ಳೆಯ ದರ ಬರಲಿ ಅಂತ ಕಂತಿನ ಹಣ ಹಿಡಿದಿಡಬೇಡಿ. 1,510 ದಿರ್ಹಮಿಗೆ ಹತ್ತು ಪೈಸೆ ಜಾಸ್ತಿ ಸಿಕ್ಕರೆ ಉಳಿಯುವುದು 151 ರೂಪಾಯಿ. ಬೌನ್ಸ್ ಆದರೆ ಹೋಗುವ ದಂಡ ಅದಕ್ಕಿಂತ ಜಾಸ್ತಿ, ಸಿಬಿಲ್ ಸ್ಕೋರಿಗೆ ಬೀಳುವ ಪೆಟ್ಟು ಬೇರೆ. ದರ ನೋಡಿ ಕಳಿಸುವ ಆಟ ಹೆಚ್ಚುವರಿ ಹಣಕ್ಕೆ ಮಾತ್ರ ಇರಲಿ.

ಆ ಹೆಚ್ಚುವರಿ ಹಣವೇ ಈ ಯೋಜನೆಯ ಬೆನ್ನೆಲುಬು. ನಮ್ಮ ಸೂಪರ್‌ವೈಸರ್ ಹೇಗಿದ್ದರೂ ಹತ್ತು ವರ್ಷದಲ್ಲಿ ಸಾಲ ತೀರಿಸಬೇಕು ಎಂದುಕೊಂಡಿದ್ದಾರೆ. 40 ಲಕ್ಷಕ್ಕೆ ಹತ್ತು ವರ್ಷದ ಕಂತು 49,600. ಹಾಗಾದರೆ ಹತ್ತು ವರ್ಷದ ಸಾಲವನ್ನೇ ತಗೊಳ್ಳಬಹುದಲ್ಲ ಎಂದು ಕೇಳುತ್ತಾರೆ. ಬೇಡ. ಕಾಗದದ ಮೇಲೆ ಇಪ್ಪತ್ತು ವರ್ಷವೇ ಇರಲಿ, ಕಡ್ಡಾಯ ಕಂತು 34,700 ಇರಲಿ. ಅದರ ಮೇಲೆ ಪ್ರತಿ ತಿಂಗಳು 14,900 ನೀವಾಗಿ ಕಟ್ಟಿ. ಲೆಕ್ಕ ಎರಡೂ ಒಂದೇ. ವ್ಯತ್ಯಾಸ ಏನೆಂದರೆ ಕಷ್ಟ ಬಂದ ತಿಂಗಳು 14,900 ನಿಲ್ಲಿಸಿದರೆ ಯಾರೂ ಕೇಳುವುದಿಲ್ಲ. 49,600 ಕಡ್ಡಾಯ ಆಗಿದ್ದರೆ ನಿಲ್ಲಿಸುವಂತಿಲ್ಲ. ಫ್ಲೋಟಿಂಗ್ ದರದ ಗೃಹಸಾಲಕ್ಕೆ ಮುಂಚಿತವಾಗಿ ಕಟ್ಟಿದರೆ ದಂಡ ಹಾಕುವಂತಿಲ್ಲ ಅನ್ನುವುದು ರಿಸರ್ವ್ ಬ್ಯಾಂಕಿನ ನಿಯಮ.

ಈಗ ಆರು ವರ್ಷ ಮುಂದಕ್ಕೆ ಹೋಗೋಣ. ಬಡ್ಡಿ ಬದಲಾಗಿಲ್ಲ ಎಂದೇ ಇಟ್ಟುಕೊಳ್ಳಿ. ಪ್ರಾಜೆಕ್ಟ್ ಮುಗಿಯಿತು, ವೀಸಾ ನವೀಕರಣ ಆಗಲಿಲ್ಲ, ಊರಿಗೆ ಬರಬೇಕಾಯಿತು. ಬರೀ ಕಂತು ಕಟ್ಟಿದ್ದರೆ ಆರು ವರ್ಷದಲ್ಲಿ ಕಟ್ಟಿದ್ದು 25 ಲಕ್ಷ. ಬಾಕಿ ಎಷ್ಟು ಗೊತ್ತಾ? 34 ಲಕ್ಷ. 25 ಲಕ್ಷ ಕಟ್ಟಿದರೂ ಅಸಲು ಕರಗಿದ್ದು ಬರೀ ಆರು ಲಕ್ಷ. ಮೊದಲ ವರ್ಷಗಳಲ್ಲಿ ಕಂತಿನ ಬಹುಪಾಲು ಬಡ್ಡಿಗೇ ಹೋಗುತ್ತದೆ. ಹೊರದೇಶದಲ್ಲಿ ಇರುವವರ ದುಡಿಮೆಯ ವರ್ಷಗಳೂ ಇವೇ ಮೊದಲ ವರ್ಷಗಳು.

ಹೆಚ್ಚುವರಿ ಕಟ್ಟಿದ್ದರೆ? ಆರು ವರ್ಷದಲ್ಲಿ ಸುಮಾರು 10 ಲಕ್ಷ 70 ಸಾವಿರ ಜಾಸ್ತಿ ಹೋಗಿರುತ್ತದೆ. ಬಾಕಿ ಸುಮಾರು 20 ಲಕ್ಷ. ಈಗ ಇಲ್ಲಿ ಒಂದು ಆಯ್ಕೆ ಇದೆ, ಬಹಳ ಜನಕ್ಕೆ ಇದು ಗೊತ್ತಿಲ್ಲ. ಮುಂಚಿತವಾಗಿ ಕಟ್ಟಿದಾಗ ಬ್ಯಾಂಕು ಸಾಮಾನ್ಯವಾಗಿ ಕಂತನ್ನು ಹಾಗೇ ಇಟ್ಟು ಅವಧಿ ಕಡಿಮೆ ಮಾಡುತ್ತದೆ. ಹಾಗೆ ಬಿಟ್ಟರೆ ನಮ್ಮವರು ಊರಲ್ಲಿ 60,000 ಸಂಬಳದಲ್ಲಿ 34,700ರ ಕಂತನ್ನು ಇನ್ನೂ ಆರು ವರ್ಷ ಕಟ್ಟಬೇಕು. ಅದರ ಬದಲು ಅವಧಿಯನ್ನು ಮೊದಲಿನಂತೆ ಉಳಿದ ಹದಿನಾಲ್ಕು ವರ್ಷವೇ ಇಟ್ಟು ಕಂತು ಇಳಿಸಿ ಎಂದು ಕೇಳಿದರೆ ಅದು ಸುಮಾರು 20,500ಕ್ಕೆ ಬರುತ್ತದೆ. ಸಂಬಳದ ಮೂರನೇ ಒಂದು ಭಾಗ. ಇಷ್ಟನ್ನು ಊರಿನ ಸಂಬಳದಲ್ಲಿ ಹೊರಬಹುದು. ಕೆಲಸ ಹುಡುಕುವವರೆಗೆ ಎನ್‌ಆರ್‌ಇಯಲ್ಲಿ ಇಟ್ಟ ಆ ನಾಲ್ಕು ಲಕ್ಷ ಈಗ ಹನ್ನೆರಡು ತಿಂಗಳ ಬದಲು ಇಪ್ಪತ್ತು ತಿಂಗಳು ಬರುತ್ತದೆ.

ಹೀಗೆ ಕಂತು ಇಳಿಸಲು ಬ್ಯಾಂಕು ಒಪ್ಪುತ್ತಾ, ಅದಕ್ಕೆ ಶುಲ್ಕ ಇದೆಯಾ ಅನ್ನುವುದನ್ನು ಮಂಜೂರಾತಿ ಪತ್ರಕ್ಕೆ ಸಹಿ ಹಾಕುವ ಮೊದಲು ಬರಹದಲ್ಲಿ ಕೇಳಿ. ಆಮೇಲೆ ಕೇಳಿದರೆ ಆ ಶಾಖೆಯಲ್ಲಿ ಇರುವವರ ಮನಸ್ಸಿನ ಮೇಲೆ ಹೋಗುತ್ತದೆ. ಓವರ್‌ಡ್ರಾಫ್ಟ್ ಮಾದರಿಯ ಗೃಹಸಾಲ ನಿಮಗೆ ಸಿಗುತ್ತಾ ಎಂದೂ ಕೇಳಿ ನೋಡಿ. ಅದರಲ್ಲಿ ಹೆಚ್ಚುವರಿ ಹಾಕಿದ ಹಣಕ್ಕೆ ಬಡ್ಡಿ ಉಳಿಯುತ್ತದೆ, ಬೇಕಾದಾಗ ವಾಪಸ್ಸೂ ತೆಗೆಯಬಹುದು. ಬಡ್ಡಿ ದರ ಸ್ವಲ್ಪ ಜಾಸ್ತಿ ಇದ್ದರೂ ವೀಸಾ ನೆಚ್ಚಿಕೊಂಡವರಿಗೆ ಆ ಸೌಲಭ್ಯಕ್ಕೆ ಬೆಲೆ ಇದೆ.

ಗ್ರ್ಯಾಚುಟಿಯನ್ನು ದೊಡ್ಡದಾಗಿ ಎಣಿಸಬೇಡಿ. ಯುಎಇಯಲ್ಲಿ ಮೊದಲ ಐದು ವರ್ಷಕ್ಕೆ ವರ್ಷಕ್ಕೆ 21 ದಿನದ ಸಂಬಳ, ಆಮೇಲೆ 30 ದಿನದ್ದು. ಆದರೆ ಅದು ಬೇಸಿಕ್ ಮೇಲೆ. 9,000 ಕೈಗೆ ಬರುತ್ತಿದ್ದವರಿಗೆ ಬೇಸಿಕ್ 4,000ದ ಮೇಲೆ ಆರು ವರ್ಷಕ್ಕೆ 18,000 ದಿರ್ಹಮ್ ಬರುತ್ತದೆ, ನಾಲ್ಕು ಲಕ್ಷ ಚಿಲ್ಲರೆ. ಬಂದರೆ ಅಸಲಿಗೆ ಹಾಕಿ.

ಊರಿಗೆ ಬಂದವರು ಮಾಡಬೇಕಾದ ಎರಡು ಕೆಲಸ ಹೇಳಿ ಮುಗಿಸುತ್ತೇನೆ. ಇಲ್ಲೇ ನೆಲೆಸುವುದು ಎಂದಾದ ಮೇಲೆ ಬ್ಯಾಂಕಿಗೆ ತಿಳಿಸಿ ಎನ್‌ಆರ್‌ಇ, ಎನ್‌ಆರ್‌ಒ ಖಾತೆಗಳನ್ನು ಮಾಮೂಲಿ ಖಾತೆಗೆ ಬದಲಿಸಬೇಕು. ಬದಲಿಸುವ ಮುಂಚೆ ಕಂತಿನ ಆಟೊ ಡೆಬಿಟ್ ಯಾವ ಖಾತೆಗೆ ಹೋಗುತ್ತದೆ ನೋಡಿಕೊಳ್ಳಿ. ಹಳೆಯದು ಮುಚ್ಚಿ ಹೊಸದಕ್ಕೆ ಜೋಡಿಸದೆ ಕಂತು ತಪ್ಪಿದವರು ಎಷ್ಟೋ ಜನ.

ಇನ್ನೊಂದು, ಸಾಲ ಪೂರ್ತಿ ತೀರಿದ ದಿನ. ಮೂಲ ಪತ್ರಗಳನ್ನು ಬ್ಯಾಂಕು 30 ದಿನದೊಳಗೆ ವಾಪಸ್ ಕೊಡಬೇಕು. 2023ರ ಡಿಸೆಂಬರ್ 1ರಿಂದ ಈ ನಿಯಮ ಇದೆ. ಬ್ಯಾಂಕಿನ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು. ಅಷ್ಟು ಹೊತ್ತಿಗೆ ನೀವು ಇನ್ನೂ ಹೊರದೇಶದಲ್ಲೇ ಇದ್ದರೆ ಪತ್ರ ಪಡೆಯುವ ಅಧಿಕಾರವೂ ಪವರ್ ಆಫ್ ಅಟಾರ್ನಿಯಲ್ಲಿ ಬರೆದಿರಬೇಕು. ಪತ್ರ ಕೈಗೆ ಬಂದ ಮೇಲೆ ಇಸಿ, ಅಂದರೆ ಸ್ವತ್ತಿನ ಮೇಲಿನ ಋಣಭಾರ ತೋರಿಸುವ ಪತ್ರ, ಹೊಸದಾಗಿ ತೆಗೆಸಿ. ಅಡಮಾನ ಬಿಡುಗಡೆ ಆದದ್ದು ಅದರಲ್ಲಿ ಕಾಣದಿದ್ದರೆ ಬಿಡುಗಡೆ ಪತ್ರವನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಮಾಡಿಸುವಂತೆ ಬ್ಯಾಂಕಿಗೆ ಬರೆದು ಕೇಳಿ.

ನಿಮ್ಮ ಕಾಗದಗಳನ್ನು ತಂದಿದ್ದರೆ ತೆಗೆಯಿರಿ. ಪ್ರಶ್ನೆಗಳಿಗೆ ಬರೋಣ.